ಬಿಲ್ಲಿನ ಚಿತ್ರವು ಅಂಕಿಗಳಾಗುವ ಬಗೆ

ಅಂಗಡಿಯ ಬಿಲ್ಲಿನ ಚಿತ್ರವನ್ನು ಮೊಬೈಲಿನಲ್ಲಿ ತೆಗೆದೊಡನೆ ಅದರ ಮೊಬಲಗನ್ನು ಲೆಕ್ಕದ ಪುಸ್ತಕಕ್ಕೆ ಸೇರಿಸುವ ಏರ್ಪಾಡು ಇಂದು ಬಳಕೆಯಲ್ಲಿದೆ. ಯಂತ್ರವು ನಮ್ಮಂತೆ ಓದುವುದೇ? ಇಲ್ಲ, ಅದು ಆಕಾರಗಳನ್ನು ಊಹಿಸುತ್ತದೆ. ಆ ಊಹೆಯನ್ನು ಒರೆಗೆ ಹಚ್ಚುವುದು ವಾಣಿಜ್ಯದ ವಿದ್ಯಾರ್ಥಿಗೆ ಪರಿಚಿತವಾದ ಲೆಕ್ಕವೇ ಆಗಿದೆ. ಇದನ್ನು ಒಂದು ಬಿಲ್ಲಿನಿಂದಲೇ ತಿಳಿಯೋಣ. ತಲಾ 1,925 ರೂಪಾಯಿಯ 2 ಫ್ಯಾನುಗಳಿಗೆ 3,850 ರೂ.; ಕೇಂದ್ರದ ಮತ್ತು ರಾಜ್ಯದ ಜಿ.ಎಸ್.ಟಿ. ಶೇಕಡಾ 9ರಂತೆ ತಲಾ 346.50 ರೂ.; ಒಟ್ಟು 4,543 ರೂ.

ಯಂತ್ರಕ್ಕೆ ಚಿತ್ರವೆಂದರೆ ಚುಕ್ಕೆಗಳ ಒಂದು ಕೋಷ್ಟಕ. ಬಣ್ಣವನ್ನು ಬಿಟ್ಟರೆ ಪ್ರತಿ ಚುಕ್ಕೆಗೂ ಒಂದು ಸಂಖ್ಯೆಯಿರುತ್ತದೆ: ಅಚ್ಚ ಕಪ್ಪಿಗೆ 0, ಅಚ್ಚ ಬಿಳುಪಿಗೆ 255. ರೂಢಿಯ ಒಂದು ವಿಧಾನದಲ್ಲಿ ಮೊದಲು ಶಾಯಿಯನ್ನು ಕಾಗದದಿಂದ ಬೇರ್ಪಡಿಸುವರು. ಇಡೀ ಚಿತ್ರಕ್ಕೆ ಒಂದೇ ಮಿತಿಯನ್ನಿಟ್ಟರೆ ಕೈಯ ನೆರಳು ಬಿದ್ದ ಕಾಗದವೂ ಶಾಯಿಯೆನಿಸೀತು. ಆದಕಾರಣ ಪ್ರತಿ ಚುಕ್ಕೆಯನ್ನೂ ಅದರ ನೆರೆಯ ಚುಕ್ಕೆಗಳ ಸರಾಸರಿಯೊಡನೆ ಹೋಲಿಸುವರು. ಬಳಿಕ ಓರೆಯಾದ ಚಿತ್ರವನ್ನು ನೆಟ್ಟಗೆ ಮಾಡಬೇಕು. ಯಾವ ಕೋನಕ್ಕೆ ತಿರುಗಿಸಿದಾಗ ಸಾಲುಗಳ ನಡುವಣ ಬಿಳಿಯ ಪಟ್ಟಿಗಳು ಅತ್ಯಂತ ಸ್ಪಷ್ಟವಾಗುವುವೋ ಅದೇ ಸರಿಯಾದ ಕೋನ. ಆ ಪಟ್ಟಿಗಳ ಗುಂಟ ಸಾಲುಗಳನ್ನು ಬಿಡಿಸಬಹುದು.

ಇನ್ನು ಗುರುತಿಸುವ ಕಾರ್ಯ. ಅಸಂಖ್ಯ ಮಾದರಿಗಳಿಂದ ಅಭ್ಯಾಸ ಪಡೆದ ಗಣಕಕ್ರಮವು ಪ್ರತಿ ಆಕಾರಕ್ಕೂ 'ಇದು 3 ಆಗಿರಬಹುದು, 8 ಆಗಿರಬಹುದು' ಎಂದು ಬೇರೆ ಬೇರೆ ಅಂಕಗಳನ್ನು ಕೊಟ್ಟು, ಹೆಚ್ಚು ಅಂಕ ಪಡೆದುದನ್ನು ಆರಿಸುತ್ತದೆ. ನಮ್ಮ ಬಿಲ್ಲಿನಲ್ಲಿ ಮಡಿಕೆಯ ಗೆರೆಯೊಂದು 3ರ ಎಡಗಡೆಯ ತೆರಪನ್ನು ಮುಚ್ಚಿತೆನ್ನೋಣ. ಆಗ 3,850 ಎಂಬುದು 8,850 ಆಗುತ್ತದೆ.

ಇಲ್ಲಿಯವರೆಗೆ ದೊರೆತುದು ಅಕ್ಷರಗಳ ಸರಣಿ ಮಾತ್ರ, ಸಂಖ್ಯೆಯಲ್ಲ. 'ಒಟ್ಟು' ಎಂಬ ಪದದ ಸಾಲಿನಲ್ಲಿ ಬಲಗಡೆಯಿರುವುದೇ ಒಟ್ಟು ಮೊಬಲಗೆಂದು ಸ್ಥಾನದಿಂದ ನಿರ್ಧರಿಸಿ, ಅಲ್ಪವಿರಾಮವನ್ನು ತೆಗೆದು, ದಶಾಂಶ ಬಿಂದುವನ್ನು ಉಳಿಸಿಕೊಳ್ಳಬೇಕು. ಬಿಂದುವು ಮಾಸಿಹೋದರೆ 346.50 ಎಂಬುದು 34,650 ಆಗಿ ನೂರು ಪಟ್ಟು ಬೆಳೆಯುವುದು!

ಕೊನೆಯದು ತಾಳೆ ನೋಡುವ ಹಂತ. 2 × 1,925 ಎಂದರೆ 3,850, 8,850 ಅಲ್ಲ. 8,850ಕ್ಕೆ ಶೇಕಡಾ 9ರ ತೆರಿಗೆ 796.50 ಆಗಬೇಕಿತ್ತು, ಬಿಲ್ಲಿನಲ್ಲಿರುವುದು 346.50. ಒಟ್ಟು 4,543ರಿಂದ ಎರಡು ತೆರಿಗೆಗಳ 693ನ್ನು ಕಳೆದರೂ ಉಳಿಯುವುದು 3,850. ಮೂರು ಸಾಕ್ಷಿಗಳೂ ಒಂದೇ ಮಾತನ್ನು ಹೇಳುವುದರಿಂದ ತಪ್ಪು ಯಾವ ಅಂಕಿಯಲ್ಲಿದೆಯೆಂದೂ ತಿಳಿಯುತ್ತದೆ.

ಆದರೆ ದಿನಾಂಕದ 3 ಎಂಬುದು 8 ಆದರೆ ಯಾವ ಸಂಕಲನವೂ ಅದನ್ನು ಹಿಡಿಯದು. ಬಿಲ್ಲಿನ ಸಂಖ್ಯೆಯದೂ ಇದೇ ಪಾಡು. ಇಂಥವನ್ನು ಮೂಲ ಬಿಲ್ಲಿನೊಡನೆ ಕಣ್ಣಾರೆ ಹೋಲಿಸಿಯೇ ಲೆಕ್ಕಕ್ಕೆ ಬರೆದುಕೊಳ್ಳತಕ್ಕದ್ದು.