ಮಾಮು ಮಾಡಿದ ಮೂರು ತಿಂಗಳ ಕೋರ್ಸು

ನಮ್ಮ ಮಾಮುಗೆ 38 ವರ್ಷ. ಪಿಯುಸಿ ಮುಗಿಸಿ ಬಟ್ಟೆ ಅಂಗಡಿ ಸೇರಿದವರು ಕಳೆದ ವರ್ಷ ಅಕೌಂಟ್ಸ್ ಕೆಲಸಕ್ಕೆ ಹೋಗಲು ಮನಸ್ಸು ಮಾಡಿದರು. ಮೂರು ವರ್ಷದ ಬಿ.ಕಾಂ. ಬಿಟ್ಟು, ಮೂರು ತಿಂಗಳ ಟ್ಯಾಲಿ ಮತ್ತು ಜಿಎಸ್‌ಟಿ ಕೋರ್ಸ್ ಮಾಡಿದರು.

ಸಂದರ್ಶನ ನಡೆದದ್ದು ಒಂದು ಹೋಲ್‌ಸೇಲ್ ಬಟ್ಟೆ ಅಂಗಡಿಯಲ್ಲಿ. ಮ್ಯಾನೇಜರ್ ಸರ್ಟಿಫಿಕೇಟನ್ನು ಪಕ್ಕಕ್ಕಿಟ್ಟು ಎರಡು ಬಿಲ್ ಕೊಟ್ಟರಂತೆ. ಎರಡರಲ್ಲೂ 10,000 ರೂಪಾಯಿಯ ಬಟ್ಟೆ, ತೆರಿಗೆ ಶೇ. 5. ಸೂರತ್‌ನ ಬಿಲ್ಲಿಗೆ ಮಾಮು ಐಜಿಎಸ್‌ಟಿ 500 ಎಂದು ಬರೆದರು. ಬೆಂಗಳೂರಿನದಕ್ಕೆ ಸಿಜಿಎಸ್‌ಟಿ 250, ಎಸ್‌ಜಿಎಸ್‌ಟಿ 250. ಇಷ್ಟು ಕೋರ್ಸಿನಲ್ಲೇ ಕಲಿಸುತ್ತಾರೆ.

"ಸೂರತ್ ಬಿಲ್ ನಮ್ಮ ಜಿಎಸ್‌ಟಿಆರ್-2ಬಿಯಲ್ಲಿ ಬಂದಿಲ್ಲ. ಏನು ಮಾಡ್ತೀರಿ?" ಎಂದು ಮ್ಯಾನೇಜರ್ ಕೇಳಿದರು. ಮಾರಿದವರು ತಮ್ಮ ರಿಟರ್ನಿನಲ್ಲಿ ಬಿಲ್ ತೋರಿಸದಿದ್ದರೆ ಕೊಂಡವರಿಗೆ ಆ 500 ರೂಪಾಯಿ ಕ್ರೆಡಿಟ್ ಸಿಗುವುದಿಲ್ಲ. "ಮೊದಲು ಬಿಲ್ಲಿನಲ್ಲಿ ನಮ್ಮ ಜಿಎಸ್‌ಟಿ ನಂಬರ್ ಸರಿ ಇದೆಯಾ ನೋಡ್ತೀನಿ, ಆಮೇಲೆ ಪಾರ್ಟಿಗೆ ಫೋನ್ ಮಾಡ್ತೀನಿ. ಅಲ್ಲಿವರೆಗೆ ಕ್ರೆಡಿಟ್ ತಗೊಳ್ಳಲ್ಲ" ಎಂದರು ಮಾಮು. ಸೂರತ್ ಪಾರ್ಟಿಗಳ ಜೊತೆ ವರ್ಷಗಟ್ಟಲೆ ವ್ಯವಹರಿಸಿದ್ದು ಇಲ್ಲಿ ಕೆಲಸಕ್ಕೆ ಬಂತು. ಬಟ್ಟೆ ವ್ಯಾಪಾರವೇ ಗೊತ್ತಿಲ್ಲದವರಿಗೆ ಅದೇ ಸರ್ಟಿಫಿಕೇಟ್ ಇಷ್ಟು ಬೆಲೆ ತರುತ್ತಿರಲಿಲ್ಲ ಎಂದು ನನಗನ್ನಿಸುತ್ತದೆ.

ಹಾಗಂತ ನಾವು ಡಿಗ್ರಿ ಬಿಡುವಂತಿಲ್ಲ. ಬ್ಯಾಂಕ್ ಕ್ಲರ್ಕ್ ಪರೀಕ್ಷೆಗೆ ಪದವಿ ಬೇಕೇ ಬೇಕು, ಸಾಮಾನ್ಯ ವಯೋಮಿತಿ 28. ಮಾಮು ಬಿ.ಕಾಂ. ಮುಗಿಸುವಾಗ 41 ಆಗಿರುತ್ತಿತ್ತು. ನಮಗೆ 20 ಅಥವಾ 21. ಅವರು ಒಂದು ದೊಡ್ಡ ಕಂಪನಿಗೂ ಅರ್ಜಿ ಹಾಕಲು ನೋಡಿದ್ದರು. ಆನ್‌ಲೈನ್ ಫಾರ್ಮಿನಲ್ಲಿ 'ಪದವಿ' ತುಂಬದೆ ಮುಂದಿನ ಪುಟವೇ ತೆರೆಯಲಿಲ್ಲ.