ಹೊರಗಿನ ತಜ್ಞರಿಗೆ ತಾತ್ಕಾಲಿಕ ವಿ.ಪಿ.ಎನ್. ಪ್ರವೇಶ: ಕೋರಿಕೆಯ ಪತ್ರ ಹೇಗಿರಬೇಕು?

ಸಂಸ್ಥೆಯ ತಂತ್ರಾಂಶವನ್ನು ಬದಲಿಸುವ ಸಂದರ್ಭದಲ್ಲಿ ಹೊರಗಿನ ತಜ್ಞರು ತಮ್ಮ ಊರಿನಿಂದಲೇ ಕೆಲಸ ಮಾಡುವುದು ಈಗ ರೂಢಿಯಾಗಿದೆ. ಅವರಿಗೆ ನಮ್ಮ ಒಳಜಾಲವನ್ನು ತೆರೆದುಕೊಡುವ ಸುರಕ್ಷಿತ ದಾರಿಯೇ ವಿ.ಪಿ.ಎನ್. ಇದನ್ನು ಕೋರಿ ಯೋಜನಾ ವ್ಯವಸ್ಥಾಪಕರು ಐ.ಟಿ. ವಿಭಾಗಕ್ಕೆ ಬರೆಯುವ ಇ-ಮೇಲ್ ಬಹುಮಟ್ಟಿಗೆ ಒಂದೇ ಸಾಲಿನದಾಗಿರುತ್ತದೆ: “ನಮ್ಮ ಗುತ್ತಿಗೆದಾರರಿಗೆ ತುರ್ತಾಗಿ ವಿ.ಪಿ.ಎನ್. ಕೊಡಿ.” ಯಾರಿಗೆ, ಯಾವ ಸರ್ವರ್‌ಗೆ, ಎಲ್ಲಿಯವರೆಗೆ ಎಂಬುದು ತಿಳಿಯದ ಐ.ಟಿ. ಸಿಬ್ಬಂದಿ ಕಾಯಂ ನೌಕರರೊಬ್ಬರ ಖಾತೆಯ ನಕಲನ್ನೇ ಮಾಡಿಕೊಟ್ಟು ಕೈತೊಳೆದುಕೊಳ್ಳುತ್ತಾರೆ. ಕೆಲಸ ಮುಗಿದ ಮೇಲೂ ಆ ಖಾತೆ ಜೀವಂತವಾಗಿ ಉಳಿಯುತ್ತದೆ.

ಹೀಗೆ ಉಳಿದ ಖಾತೆ ಏನು ಮಾಡಬಲ್ಲದೆಂಬುದಕ್ಕೆ ಅಮೆರಿಕದ ಕಲೋನಿಯಲ್ ಪೈಪ್‌ಲೈನ್ ಸಂಸ್ಥೆಯ ಪ್ರಕರಣ ಸಾಕ್ಷಿ. 2021ರಲ್ಲಿ ದಾಳಿಕೋರರು ಅಲ್ಲಿಗೆ ನುಗ್ಗಿದ್ದು ಬಳಕೆಯಲ್ಲಿಲ್ಲದ ಹಳೆಯ ವಿ.ಪಿ.ಎನ್. ಖಾತೆಯೊಂದರ ಮೂಲಕ. ಅದಕ್ಕೆ ಗುಪ್ತಪದವೊಂದೇ ಕಾವಲಾಗಿದ್ದು, ಎರಡನೆಯ ಹಂತದ ದೃಢೀಕರಣವಿರಲಿಲ್ಲ. ಇಂಧನ ಸಾಗಣೆ ಹಲವು ದಿನ ನಿಂತಿತು. ಸಂಸ್ಥೆ ಸುಮಾರು 44 ಲಕ್ಷ ಡಾಲರ್ ಒತ್ತೆಹಣ ತೆರಬೇಕಾಯಿತು.

ಹುಬ್ಬಳ್ಳಿಯ ಕವಾಟ ತಯಾರಿಕಾ ಸಂಸ್ಥೆಯೊಂದು ತನ್ನ ದಾಸ್ತಾನು ಲೆಕ್ಕವನ್ನು ಹೊಸ ತಂತ್ರಾಂಶಕ್ಕೆ ವರ್ಗಾಯಿಸುತ್ತಿದೆ ಎಂದು ಭಾವಿಸೋಣ. ತಜ್ಞರು ಪುಣೆಯಲ್ಲಿದ್ದಾರೆ. ವ್ಯವಸ್ಥಾಪಕರ ಪತ್ರ ಹೀಗಿರಬಹುದು:

“ಮಾನ್ಯರೇ, ದಾಸ್ತಾನು ದತ್ತಾಂಶದ ವರ್ಗಾವಣೆಗಾಗಿ ನಿಯೋಜಿತರಾದ ತಜ್ಞರಿಗೆ ಮಾರ್ಚ್ 3ರಿಂದ 28ರವರೆಗೆ ವಿ.ಪಿ.ಎನ್. ಪ್ರವೇಶ ಕೊಡಬೇಕೆಂದು ಕೋರುತ್ತೇನೆ. ಅವರ ಹೆಸರು, ಮೊಬೈಲ್ ಸಂಖ್ಯೆ ಲಗತ್ತಿನಲ್ಲಿವೆ. ಖಾತೆ ಅವರೊಬ್ಬರ ಹೆಸರಿನಲ್ಲಿಯೇ ಇರಲಿ. ಅವರಿಗೆ ಬೇಕಾಗಿರುವುದು 10.10.5.20 ಎಂಬ ಪರೀಕ್ಷಾ ಸರ್ವರ್, ಅದರಲ್ಲಿಯೂ 1433ನೇ ಪೋರ್ಟ್ ಮಾತ್ರ. ದಾಸ್ತಾನು ಕೋಷ್ಟಕಗಳನ್ನು ಓದುವ, ಬರೆಯುವ ಅಧಿಕಾರ ಸಾಕು; ಆಡಳಿತಾಧಿಕಾರ ಬೇಡ. ವೇತನ ಮತ್ತು ಲೆಕ್ಕಪತ್ರದ ಸರ್ವರ್‌ಗಳು ಅವರಿಗೆ ನಿಲುಕಬಾರದು. 28ರ ಸಂಜೆ 7 ಗಂಟೆಗೆ ಪ್ರವೇಶ ತಾನಾಗಿ ನಿಲ್ಲಲಿ. ಅವಧಿ ವಿಸ್ತರಿಸಬೇಕಾದರೆ ಹೊಸದಾಗಿ ಬರೆಯುತ್ತೇನೆ. ಅವರು ಮೊದಲೇ ಕೆಲಸ ಬಿಟ್ಟಲ್ಲಿ ಅದೇ ದಿನ ತಿಳಿಸುವ ಹೊಣೆ ನನ್ನದು.”

1433 ಎಂಬುದು ಮೈಕ್ರೋಸಾಫ್ಟ್ ಎಸ್.ಕ್ಯು.ಎಲ್. ಸರ್ವರ್ ರೂಢಿಯಂತೆ ಬಳಸುವ ಪೋರ್ಟ್. ವ್ಯವಸ್ಥಾಪಕರಿಗೆ ಇದು ಗೊತ್ತಿರಬೇಕಾಗಿಲ್ಲ; ತಜ್ಞರನ್ನೇ ಕೇಳಿ ಬರೆದರಾಯಿತು. ಆದರೆ ತಜ್ಞರು ಅನೇಕ ವೇಳೆ “ರಿಮೋಟ್ ಡೆಸ್ಕ್‌ಟಾಪ್ ಕೊಟ್ಟುಬಿಡಿ, ಸುಲಭವಾಗುತ್ತದೆ” ಎನ್ನುತ್ತಾರೆ. ಇಲ್ಲಿ ಎಚ್ಚರ ಬೇಕು. ರಿಮೋಟ್ ಡೆಸ್ಕ್‌ಟಾಪ್ ಎಂದರೆ ಆ ಸರ್ವರ್‌ನ ಮುಂದೆಯೇ ಕುರ್ಚಿ ಹಾಕಿಕೊಟ್ಟಂತೆ. ಅಲ್ಲಿಂದ ವೇತನದ ಸರ್ವರ್‌ಗೆ ದಾರಿಯಿದ್ದರೆ, ವಿ.ಪಿ.ಎನ್.ನಲ್ಲಿ ಹಾಕಿದ ಮಿತಿ ವ್ಯರ್ಥ. ಅದು ಅನಿವಾರ್ಯವಾದಲ್ಲಿ, ಪರೀಕ್ಷಾ ಸರ್ವರ್‌ನಿಂದ ಹೊರಡುವ ಸಂಪರ್ಕಗಳನ್ನೂ ಫೈರ್‌ವಾಲ್‌ನಲ್ಲಿ ತಡೆಯುವಂತೆ ಪತ್ರದಲ್ಲಿ ಕೇಳತಕ್ಕದ್ದು.

ಮಿತಿ ನಿಜಕ್ಕೂ ಜಾರಿಯಾಗಿದೆಯೇ ಎಂಬುದನ್ನು ಮೊದಲ ದಿನವೇ ಪರೀಕ್ಷಿಸಬಹುದು. ವೇತನದ ಸರ್ವರ್ 10.10.5.30 ಎಂದಿಟ್ಟುಕೊಳ್ಳೋಣ. ತಜ್ಞರು ವಿ.ಪಿ.ಎನ್. ಮೂಲಕ ಸೇರಿಕೊಂಡ ಮೇಲೆ ತಮ್ಮ ವಿಂಡೋಸ್ ಗಣಕದ ಪವರ್‌ಶೆಲ್‌ನಲ್ಲಿ ಈ ಎರಡು ಆದೇಶಗಳನ್ನು ಕೊಡಲಿ:

```
Test-NetConnection 10.10.5.20 -Port 1433
Test-NetConnection 10.10.5.30 -Port 1433
```

ಮೊದಲನೆಯದಕ್ಕೆ `TcpTestSucceeded : True` ಎಂದೂ ಎರಡನೆಯದಕ್ಕೆ `False` ಎಂದೂ ಬರಬೇಕು. ವೇತನದ ಸರ್ವರ್ ಆ ಹೊತ್ತಿಗೆ ಸ್ಥಗಿತವಾಗಿದ್ದರೂ `False` ಎಂದೇ ಬರುವುದರಿಂದ, ಅದೇ ವೇಳೆಗೆ ಲೆಕ್ಕಪತ್ರ ವಿಭಾಗದ ಗಣಕವೊಂದರಿಂದ ಎರಡನೆಯ ಆದೇಶ ಕೊಟ್ಟು `True` ಬರುವುದನ್ನು ನೋಡಿಕೊಳ್ಳುವುದು ಲೇಸು.

ಮುಕ್ತಾಯದ ದಿನಾಂಕದಲ್ಲಿಯೂ ಒಂದು ಸೂಕ್ಷ್ಮವಿದೆ. ಖಾತೆಯ ಅವಧಿ ಮುಗಿದರೆ ಹೊಸದಾಗಿ ಪ್ರವೇಶಿಸಲಾಗದು ನಿಜ. ಆದರೆ ಅದಕ್ಕೂ ಮೊದಲೇ ತೆರೆದುಕೊಂಡ ಸಂಪರ್ಕ ಎಷ್ಟೋ ವ್ಯವಸ್ಥೆಗಳಲ್ಲಿ ತಾನಾಗಿ ಕಡಿಯುವುದಿಲ್ಲ. ಆದ್ದರಿಂದ ಒಂದು ಸಂಪರ್ಕದ ಗರಿಷ್ಠ ಅವಧಿಯನ್ನು, ಉದಾಹರಣೆಗೆ 8 ಗಂಟೆ ಎಂದು, ಐ.ಟಿ. ವಿಭಾಗ ನಿಗದಿಪಡಿಸಬೇಕು ಮತ್ತು 28ರ ಸಂಜೆ ತೆರೆದಿರುವ ಸಂಪರ್ಕವಿದ್ದರೆ ಕಡಿಯಬೇಕು. ಇನ್ನೊಂದು, ದತ್ತಾಂಶ ಸರ್ವರ್‌ನೊಳಗೆ ತಜ್ಞರಿಗಾಗಿ ಬೇರೆಯೇ ಲಾಗಿನ್ ಸೃಷ್ಟಿಸಿದ್ದಲ್ಲಿ, ವಿ.ಪಿ.ಎನ್. ಖಾತೆ ಮುಚ್ಚಿದ ಮಾತ್ರಕ್ಕೆ ಅದು ಅಳಿಯುವುದಿಲ್ಲ. ಅದನ್ನೂ ರದ್ದುಪಡಿಸಿ ಉತ್ತರಿಸುವಂತೆ ಕೋರುವ ಒಂದು ಸಾಲನ್ನು ವ್ಯವಸ್ಥಾಪಕರು ಮೊದಲ ಪತ್ರದಲ್ಲಿಯೇ ಸೇರಿಸಿ, 29ರ ಬೆಳಿಗ್ಗೆ ಆ ಉತ್ತರ ಬಂದಿದೆಯೇ ಎಂದು ನೋಡತಕ್ಕದ್ದು.