ರಿಸ್ಕ್ ರಿವರ್ಸಲ್: ಕಡಿಮೆ ವೆಚ್ಚದ ದಿಕ್ಕಿನ ಪಣ

ಒಂದೇ ಮುಕ್ತಾಯ ದಿನದ ಪುಟ್ ಆಪ್ಷನ್ ಮಾರಿ, ಆ ಹಣದಿಂದ ಮೇಲಿನ ಸ್ಟ್ರೈಕ್‌ನ ಕಾಲ್ ಆಪ್ಷನ್ ಕೊಳ್ಳುವುದು ಏರಿಕೆಯ ರಿಸ್ಕ್ ರಿವರ್ಸಲ್. ಸೂಚ್ಯಂಕ 25,000ದಲ್ಲಿದೆ, 24,000ದ ಪುಟ್ ಬೆಲೆ 105, 26,000ದ ಕಾಲ್ ಬೆಲೆ 60 ಎಂದುಕೊಂಡರೆ, ಆರಂಭದಲ್ಲೇ 45 ಅಂಶ ಕೈಸೇರುತ್ತದೆ.

ಎರಡೂ ಸ್ಟ್ರೈಕ್‌ಗಳು ಸಮದೂರದಲ್ಲಿದ್ದರೂ ಬೆಲೆ ಬೇರೆಯಾಗಲು ಕಾರಣ ವೊಲಾಟಿಲಿಟಿ ಸ್ಕ್ಯೂ. 1987ರ ಅಮೆರಿಕದ ಷೇರು ಕುಸಿತದ ನಂತರ, ಸೂಚ್ಯಂಕದ ಕೆಳಗಿನ ಪುಟ್‌ಗಳಿಗೆ ವಿಮೆಯಂತೆ ಹೆಚ್ಚು ಬೇಡಿಕೆಯಿದ್ದು, ಅವುಗಳ ಅಂತರ್ಗತ ಏರಿಳಿತದ ದರ ಕಾಲ್‌ಗಳಿಗಿಂತ ಹೆಚ್ಚಿರುತ್ತದೆ. ಸ್ಕ್ಯೂ ಕಡಿದಾದಷ್ಟೂ ಈ ಪಣ ಅಗ್ಗ.

ಆದರೆ ಅಗ್ಗವೆಂದರೆ ಸುರಕ್ಷಿತವಲ್ಲ. ಮುಕ್ತಾಯದಂದು ಸೂಚ್ಯಂಕ 23,000ಕ್ಕೆ ಇಳಿದರೆ ನಷ್ಟ 955 ಅಂಶ. ಪುಟ್ ಮಾರಿದ್ದಕ್ಕೆ ಮಾರ್ಜಿನ್ ಹಣವನ್ನೂ ಇಡಬೇಕು. ಪಣ ಕಟ್ಟಿದ ಮೇಲೆ ಸ್ಕ್ಯೂ ಇನ್ನಷ್ಟು ಕಡಿದಾದರೆ, ಸೂಚ್ಯಂಕ ಕದಲದಿದ್ದರೂ ಲೆಕ್ಕದಲ್ಲಿ ನಷ್ಟ ಕಾಣುತ್ತದೆ.